ಆ ಒಂದು ಯಾವ ಕಡ್ಡಿ

ಆ ಮೇಲ್ ಬಂದದ್ದು ಬೆಳಿಗ್ಗೆ ಏಳೂವರೆಗೆ. ಟೋಕಿಯೋ ಪಕ್ಕದ ಕಾವಾಸಾಕಿಗೆ ಹೋಗುವ ರೈಲಿನಲ್ಲಿ ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿಕೊಂಡು, ನನ್ನ ಉಸಿರಿಗೇ ಕನ್ನಡಕ ಮಂಜಾಗಿ ನಿಂತಿದ್ದೆ. ಫೋನನ್ನು ಮೂಗಿನ ಹತ್ತಿರ ಹಿಡಿದು ಓದಿದೆ. ವಿಷಯದ ಸಾಲಿನಲ್ಲಿ ಒಂದೇ ಮಾತು: ಚಾಪ್‌ಸ್ಟಿಕ್ಸ್. ಒಳಗೆ ಮೂರು ಸಾಲು, ನನ್ನ ವಿದ್ಯಾರ್ಥಿಯೊಬ್ಬಳ ತಂದೆ ಬರೆದದ್ದು: ಎಂಟನೇ ತರಗತಿಯ ನನ್ನ ಮಗಳು ಒಂದು ವಾರದಿಂದ ಗಣಿತದ ಪೀರಿಯಡ್ಡಿಗೆ ಊಟದ ಕಡ್ಡಿ ಹೊತ್ತುಕೊಂಡು ಬರುತ್ತಿದ್ದಾಳೆ. ಬೀಜಗಣಿತ ಯಾವಾಗ ಶುರುವಾಗುತ್ತದೆ? ಇದು ಶಿಶುವಿಹಾರವೋ ಹೈಸ್ಕೂಲೋ ದಯವಿಟ್ಟು ತಿಳಿಸಿ. ಪ್ರತಿಯನ್ನು ಪ್ರಿನ್ಸಿಪಾಲರಿಗೂ ಉಳಿದ ಹನ್ನೊಂದು ಮಕ್ಕಳ ಮನೆಗಳಿಗೂ ಕಳಿಸಿದ್ದರು.

ಮೈಯೆಲ್ಲ ಉರಿಯಿತು. ಆ 'ದಯವಿಟ್ಟು' ಓದಿ ಇನ್ನೂ ಉರಿಯಿತು. ಬರೆದವರು ನಮ್ಮ ಬೆಂಗಳೂರಿನವರೇ, ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರ್. ಹಿಂದಿನ ವರ್ಷ ಮಗಳನ್ನು ಸೇರಿಸಲು ಬಂದಾಗ ಕನ್ನಡದ ಟೀಚರ್ ಸಿಕ್ಕರಲ್ಲ ಅಂತ ಎಷ್ಟು ಖುಷಿಪಟ್ಟಿದ್ದರೆಂದರೆ ಮರುವಾರ ಮನೆಯಿಂದ ಹುಳಿಯನ್ನದ ಪುಡಿ ಕಳಿಸಿದ್ದರು. ಈಗ ಅದೇ ಮನುಷ್ಯ ಹನ್ನೊಂದು ಮನೆಗಳ ಮುಂದೆ ನನ್ನ ಮಾನ ಹರಾಜು ಹಾಕಿದ್ದರು. ಪುಡಿ ಖರ್ಚಾಗಿ ಹೋಗಿತ್ತು, ಇಲ್ಲದಿದ್ದರೆ ವಾಪಸು ಕೊಡುತ್ತಿದ್ದೆ.

ನಮ್ಮ ಶಾಲೆ ಸ್ಟೇಷನ್ನಿನಿಂದ ಹತ್ತು ನಿಮಿಷ ದೂರದ ಕಟ್ಟಡದಲ್ಲಿ ಎರಡು ಮಹಡಿ ಬಾಡಿಗೆಗೆ ಹಿಡಿದು ನಡೆಯುವ ಸಣ್ಣ ಶಾಲೆ. ಪಠ್ಯಕ್ರಮ ಇಂಡಿಯಾದ್ದು, ಬಾಗಿಲಲ್ಲಿ ಬಿಡುವ ಚಪ್ಪಲಿ ಜಪಾನಿನದ್ದು. ಸೋಂಕಿನ ಎರಡನೇ ವರ್ಷ ಅದು. ಹನ್ನೆರಡು ಮಕ್ಕಳಲ್ಲಿ ಒಂದು ವಾರ ಆರು ಜನ ತರಗತಿಯಲ್ಲಿ, ಆರು ಜನ ಮನೆಯ ಕಂಪ್ಯೂಟರಿನಲ್ಲಿ. ಮರುವಾರ ಅದಲುಬದಲು. ಹಳೆಯ ಗಣಿತದ ಮೇಷ್ಟರು ರಜೆಗೆಂದು ಊರಿಗೆ ಹೋದವರು ಗಡಿ ಮುಚ್ಚಿದ್ದರಿಂದ ವಾಪಸು ಬರಲಾಗಲಿಲ್ಲ. ಹಾಗಾಗಿ ನಾಲ್ಕು ವರ್ಷ ಐದನೇ ತರಗತಿಗೆ ಭಿನ್ನರಾಶಿ ಹೇಳಿಕೊಟ್ಟುಕೊಂಡಿದ್ದ ನನಗೆ ಎಂಟನೇ ತರಗತಿ ಸಿಕ್ಕಿತ್ತು. ಬೆಂಗಳೂರಿನಲ್ಲಿ ಒಂಬತ್ತು ವರ್ಷ ಹೈಸ್ಕೂಲಿಗೆ ಪಾಠ ಮಾಡಿದವಳು ನಾನು. ಆ ತರಗತಿ ನನಗೆ ಎಷ್ಟು ಬೇಕಾಗಿತ್ತು ಅನ್ನುವುದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಡ್ಡಿ ತರಿಸಿದ್ದು ಸುಮ್ಮನೆ ಅಲ್ಲ. ಮೊದಲ ದಿನ ಒಂದು ಸಣ್ಣ ಪರೀಕ್ಷೆ ಕೊಟ್ಟಿದ್ದೆ. n ಐದಾದರೆ 3n + 1 ಎಷ್ಟು? ಹನ್ನೆರಡರಲ್ಲಿ ಏಳು ಜನ 36 ಅಂತ ಬರೆದರು. n ಇದ್ದ ಜಾಗದಲ್ಲಿ ಐದನ್ನು ಕೂರಿಸಿ ಮೂವತ್ತೈದು ಮಾಡಿದ್ದರು, ಅದಕ್ಕೆ ಒಂದು ಸೇರಿಸಿದ್ದರು. ಇನ್ನೊಬ್ಬ 3n + 1 ಅಂದರೆ 4n ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಇವರೆಲ್ಲ ಏಳನೇ ತರಗತಿಯಲ್ಲಿ ಬೀಜೋಕ್ತಿಗಳ ಪಾಠವನ್ನು ಪೂರ್ತಿ ಪರದೆಯ ಮೇಲೆ 'ಮುಗಿಸಿದ್ದ' ಮಕ್ಕಳು. ಅಕ್ಷರ ಬಾಯಿಗೆ ಬಂದಿತ್ತು, ಅದರ ಹಿಂದೆ ಒಂದು ಸಂಖ್ಯೆ ಇದೆ ಅನ್ನುವುದು ತಲೆಗೆ ಹೋಗಿರಲಿಲ್ಲ. ಪುಸ್ತಕ ಮುಚ್ಚಿಸಿದೆ. ಇನ್ನೆರಡು ವಾರ ಈ ಕೋಣೆಯಲ್ಲಿ ಯಾರೂ x ಅನ್ನಬಾರದು, n ಅನ್ನಬಾರದು, ಅಂದವರು ಕಿಟಕಿ ತೆಗೆಯುವ ಕೆಲಸ ಮಾಡಬೇಕು ಅಂದೆ.

ಬೀದಿಮೂಲೆಯ ಕೊಂಬಿನಿ ಅಂಗಡಿಗಳಲ್ಲಿ ಊಟದ ಪೊಟ್ಟಣದ ಜೊತೆ ಕೊಡುವ ಮರದ ಕಡ್ಡಿಗಳು ಎಲ್ಲರ ಮನೆಯ ಡ್ರಾಯರಿನಲ್ಲೂ ಬಿದ್ದಿದ್ದವು, ಆ ವರ್ಷವಂತೂ ಎಲ್ಲರೂ ಕಟ್ಟಿಸಿಕೊಂಡು ಬಂದೇ ತಿನ್ನುತ್ತಿದ್ದುದು. ಜೋಡಿಗಳನ್ನು ಸೀಳಿ ಒಂದು ಚೌಕ ಮಾಡಿದರೆ ನಾಲ್ಕು ಕಡ್ಡಿ. ಅದಕ್ಕೆ ಅಂಟಿಕೊಂಡಂತೆ ಇನ್ನೊಂದು ಚೌಕ ಇಟ್ಟರೆ ಏಳು. ಮೂರನೆಯದಕ್ಕೆ ಹತ್ತು. ಬೋರ್ಡಿನ ಮೇಲೆ ಎರಡು ಸಾಲಿನ ಕೋಷ್ಟಕ ಹಾಕಿದೆ, ಮೇಲೆ ಚೌಕ, ಕೆಳಗೆ ಕಡ್ಡಿ. ಒಂದಕ್ಕೆ ನಾಲ್ಕು, ಎರಡಕ್ಕೆ ಏಳು, ಮೂರಕ್ಕೆ ಹತ್ತು, ನಾಲ್ಕಕ್ಕೆ ಹದಿಮೂರು. ಮಕ್ಕಳಿಗೆ ಅಡ್ಡಲಾಗಿ ಓಡುವುದು ಸುಲಭ: ಪ್ರತಿ ಸಲ ಮೂರು ಹೆಚ್ಚು, ಮೂರು ಹೆಚ್ಚು. ಸರಿ, ನೂರು ಚೌಕಕ್ಕೆ ಎಷ್ಟು ಅಂದೆ. ಒಂದಿಬ್ಬರು ನಿಜಕ್ಕೂ ಮೂರು ಮೂರು ಕೂಡಿಸುತ್ತ ಕೂತರು. ಇಪ್ಪತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಸುಸ್ತಾಯಿತು. ಆಗ ಕೇಳಬೇಕಾದ ಪ್ರಶ್ನೆ ಕೇಳಿದೆ. ಪಕ್ಕಕ್ಕೆ ನೋಡಬೇಡಿ, ಮೇಲಿನಿಂದ ಕೆಳಕ್ಕೆ ನೋಡಿ. ಮೇಲಿನ ಸಂಖ್ಯೆಗೆ ಏನು ಮಾಡಿದರೆ ಕೆಳಗಿನದು ಬರುತ್ತೆ? ಆ ಒಂದು ಪ್ರಶ್ನೆಗೆ ಮೂರು ದಿನ ಹಿಡಿಯಿತು. ಹಿಡಿಯಬೇಕಾದದ್ದೇ.

ಮೂರನೆಯ ದಿನ ಆ ಇಂಜಿನಿಯರರ ಮಗಳು ಬಾಯಿಬಿಟ್ಟಳು. ಆರನೇ ತರಗತಿಯವರೆಗೆ ಜಪಾನೀ ಶಾಲೆಯಲ್ಲಿ ಓದಿದ ಹುಡುಗಿ. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಮಾತು ಮಾತ್ರ ಜಪಾನಿಯಲ್ಲಿ ಶುರುವಾಗಿ ಇಂಗ್ಲಿಷಿನಲ್ಲಿ ಎಡವಿ ಅರ್ಧಕ್ಕೆ ನಿಲ್ಲುತ್ತಿತ್ತು. ಹಿಂದಿನ ಇಡೀ ವರ್ಷ ಅವಳ ಧ್ವನಿಯನ್ನು ಯಾವ ಟೀಚರೂ ಕೇಳಿರಲಿಲ್ಲ. 36 ಬರೆದ ಏಳು ಜನರಲ್ಲಿ ಅವಳೂ ಒಬ್ಬಳು. ಅವತ್ತು ಮೇಜಿನ ಮೇಲೆ ಮೂರು ಚೌಕಗಳನ್ನು ಬಿಡಿಬಿಡಿಯಾಗಿ ಜೋಡಿಸಿ, ಆಮೇಲೆ ಒಂದಕ್ಕೊಂದು ತಾಗಿಸಿ, ತಾಗಿದಲ್ಲಿ ಹೆಚ್ಚಾದ ಒಂದೊಂದು ಕಡ್ಡಿ ಎತ್ತಿಟ್ಟಳು.

"ತೊನಾರಿ ಹತ್ರ ಕರಿರು ಮಾಡುತ್ತೆ, ಮ್ಯಾಮ್," ಅಂದಳು.

ತೊನಾರಿ ಅಂದರೆ ಪಕ್ಕದವರು, ಕರಿರು ಅಂದರೆ ಕೇಳಿ ತೆಗೆದುಕೊಳ್ಳುವುದು. ಪಕ್ಕದ ಚೌಕದ ಗೋಡೆಯನ್ನೇ ಇದೂ ಬಳಸಿಕೊಳ್ಳುತ್ತೆ ಅನ್ನುತ್ತಿದ್ದಳು. ಉಳಿದ ಮಕ್ಕಳೆಲ್ಲ ಚೌಕಕ್ಕೆ ಮೂರು, ಮೇಲೊಂದು ಅನ್ನುವ ದಾರಿ ಹಿಡಿದಿದ್ದರು. ಇವಳು ಒಬ್ಬಳೇ ಚೌಕಕ್ಕೆ ನಾಲ್ಕು ನಾಲ್ಕೇ ಎಣಿಸಿ, ಸೇರುವ ಜಾಗಕ್ಕೊಂದು ಕಳೆದಳು. ಸೇರುವ ಜಾಗ ಯಾವಾಗಲೂ ಚೌಕಕ್ಕಿಂತ ಒಂದು ಕಡಿಮೆ. ಮೂರು ಚೌಕಕ್ಕೆ ಹನ್ನೆರಡು, ಎರಡು ಕಳೆದರೆ ಹತ್ತು. ಎರಡೂ ದಾರಿ ಒಂದೇ ಊರಿಗೆ ಹೋಗುತ್ತವೆ. ಅಕ್ಷರ ಬಂದಮೇಲೆ ಇದನ್ನೇ ಇಟ್ಟುಕೊಂಡು ಎರಡು ಬೀಜೋಕ್ತಿಗಳು ಸಮ ಅಂತ ತೋರಿಸಬೇಕು ಅಂದುಕೊಂಡೆ. ನನಗೆ ಆ ದಿನ ಆದ ಸಂತೋಷ ಹೇಳತೀರದು. ಮರುದಿನವೇ ಆ ಮೇಲ್ ಬಂತು.

ಮಧ್ಯಾಹ್ನದ ಬಿಡುವಿನಲ್ಲಿ ನಾನೇ ಫೋನ್ ಮಾಡಿದೆ. ಮಾಡಬಾರದಿತ್ತು, ಹೊಟ್ಟೆ ಹಸಿದಿತ್ತು.

"ಮೇಡಂ, ತಪ್ಪು ತಿಳ್ಕೋಬೇಡಿ," ಅಂದರು. ತಪ್ಪು ತಿಳಿಯಲಿ ಅಂತಲೇ ಹೇಳುವ ಮಾತು ಅದು. "ನಾನು ನಿನ್ನೆ ಅವಳಿಗೆ ಹೇಳ್ಕೊಟ್ಟೆ. ಡಿಫರೆನ್ಸ್ ಮೂರು, ಸೋ ತ್ರೀ ಎನ್. ಫಸ್ಟ್ ಟರ್ಮ್ ನಾಲ್ಕು ಬರ್ಬೇಕು, ಸೋ ಪ್ಲಸ್ ಒನ್. ಮುಗೀತು. ಒಂದು ನಿಮಿಷದ ವಿಷ್ಯ. ನೀವು ಎರಡು ವಾರ ಎಳೀಬೇಕು ಅಂತಿದೀರ."

"ಅವಳಿಗೆ ಅರ್ಥ ಆಯ್ತಾ ಸರ್?"

"ಅವಳು ಬರೆದಳು."

"ನಾನು ಕೇಳಿದ್ದು ಅರ್ಥ ಆಯ್ತಾ ಅಂತ."

"ಮೇಡಂ, ಇಂಡಿಯಾದಲ್ಲಿ ಅವಳ ಕಸಿನ್ಸ್ ಎಲ್ಲ ಈಕ್ವೇಷನ್ಸ್ ಸಾಲ್ವ್ ಮಾಡ್ತಿದಾರೆ. ನಾಳೆ ವಾಪಸ್ ಹೋದ್ರೆ ಇವಳು ಅಲ್ಲಿ ಕಡ್ಡಿ ಇಟ್ಕೊಂಡು ಕೂತ್ಕೋಬೇಕಾ?"

"ಕಸಿನ್ಸ್‌ಗೂ ಒಂದ್ಸಲ ಕೇಳಿ ನೋಡಿ, ಎನ್ ಐದಾದ್ರೆ ಎಷ್ಟು ಅಂತ," ಅಂದೆ. ಅವರಿಗೆ ನನ್ನ ಮಾತು ಅರ್ಥವಾಗಲಿಲ್ಲ, ನನ್ನ ಧ್ವನಿ ಮಾತ್ರ ಚೆನ್ನಾಗಿ ಅರ್ಥವಾಯಿತು. ಫೋನ್ ಇಟ್ಟರು.

ಮುಂದಿನ ವಾರ ಆ ಹುಡುಗಿಯ ಗುಂಪಿನ ಸರದಿ ಮನೆಯಲ್ಲಿ. ತಂದೆಗೂ ಮನೆಯಿಂದಲೇ ಕೆಲಸ. ಐದು ದಿನವೂ ಪರದೆಯ ಅವಳ ಚೌಕದಲ್ಲಿ, ಅವಳ ಹೆಗಲ ಹಿಂದೆ, ಒಂದು ಮೊಣಕೈ ಮತ್ತು ಒಂದು ಕಾಫಿ ಲೋಟ ಕಾಣುತ್ತಿದ್ದವು. ನಾನು ಪ್ರಶ್ನೆ ಕೇಳಿದರೆ ಮೊಣಕೈ ಅಲುಗುತ್ತಿತ್ತು, ಹುಡುಗಿ ತಲೆ ತಗ್ಗಿಸುತ್ತಿದ್ದಳು. ಸೋಂಕಿನ ಕಾಲದಲ್ಲಿ ನಾವು ಟೀಚರುಗಳು ಏನೇನೋ ಸಹಿಸಿದೆವು. ನಾಯಿ ಬೊಗಳುವುದನ್ನು, ಕುಕ್ಕರ್ ಕೂಗುವುದನ್ನು, ಮಕ್ಕಳು ತಮ್ಮ ಫೋಟೋ ಅಂಟಿಸಿ ಮಲಗುವುದನ್ನು. ಆ ಮೊಣಕೈಯನ್ನು ಮಾತ್ರ ನನ್ನಿಂದ ಸಹಿಸಲಾಗಲಿಲ್ಲ.

ಸೋಮವಾರ ಅವರ ಗುಂಪು ಶಾಲೆಗೆ ಬಂತು. ಅವಳ ನೋಟ್‌ಬುಕ್ ತೆಗೆದು ನೋಡಿದೆ. ನಾಲ್ಕು ನಾಲ್ಕು ಎಣಿಸಿ ಕಳೆಯುವ ಅವಳ ದಾರಿಯ ಪುಟವನ್ನು ಕಾಗದ ತೆಳ್ಳಗಾಗುವಷ್ಟು ಉಜ್ಜಿ ಅಳಿಸಲಾಗಿತ್ತು. ಅದರ ಮೇಲೆ ದೊಡ್ಡವರ ಕೈಬರಹದಲ್ಲಿ 3n + 1, ಸುತ್ತ ಒಂದು ಚೌಕಟ್ಟು.

"ಯಾಕೆ ಅಳಿಸಿದೆ?" ಅಂತ ಕೇಳಿದೆ.

"ಅಪ್ಪ ಅದು ರಾಂಗ್ ಅಂದ್ರು."

"ರಾಂಗ್ ಅಲ್ಲ. ಎರಡೂ ಸರಿ. ಮತ್ತೆ ಬರಿ. ಪೆನ್ನಲ್ಲಿ ಬರಿ."

ಬರೆದಳು. ಮರುದಿನ ನೋಟ್‌ಬುಕ್ ಕೊಟ್ಟಾಗ ಎದುರು ಬದುರು ಎರಡು ಪುಟ ತುಂಬಿತ್ತು. ಎಡಗಡೆ ತನ್ನ ದಾರಿ, ಅಕ್ಷರದ ಬದಲು ನಾವು ಬಳಸುತ್ತಿದ್ದ ಖಾಲಿ ಡಬ್ಬಿ ಹಾಕಿ: 4 × □ − (□ − 1). ಬಲಗಡೆ ಅಪ್ಪನ ದಾರಿ, ಅದನ್ನೂ ಡಬ್ಬಿ ಹಾಕಿಯೇ ಬರೆದಿದ್ದಳು: 3 × □ + 1. ಅದರ ಕೆಳಗೆ ಚೌಕಗಳ ಸಾಲಿನ ಚಿತ್ರ. ಪ್ರತಿ ಚೌಕದ ಮೂರು ಮೂರು ಕಡ್ಡಿ ನೀಲಿ. ಎಲ್ಲಕ್ಕಿಂತ ಎಡಗಡೆ ಒಂಟಿಯಾಗಿ ನಿಂತ ಒಂದು ಕಡ್ಡಿ ಕೆಂಪು. ಪಕ್ಕದಲ್ಲಿ ಜಪಾನಿಯಲ್ಲಿ ಬರೆದಿದ್ದಳು: ಸೈಶೋ. ಮೊದಲನೆಯದು ಅಂತ. ಆ ಅಪ್ಪ ಒಂದು ನಿಮಿಷದಲ್ಲಿ ಮುಗಿಸಿದ 'ಪ್ಲಸ್ ಒನ್' ಯಾವುದು ಅಂತ ಮಗಳು ತಾನಾಗಿಯೇ ಕಂಡುಕೊಂಡಿದ್ದಳು. ನಾನು ಇನ್ನೂ ಆ ಪ್ರಶ್ನೆ ಕೇಳಿಯೇ ಇರಲಿಲ್ಲ.

ಅಷ್ಟರಲ್ಲಿ ತಂದೆತಾಯಿಗಳ ಗ್ರೂಪಿನಲ್ಲಿ ಉರಿ ಹತ್ತಿ ಆಗಿತ್ತು. ಕಂಡವರೆಲ್ಲ ತುಪ್ಪ ಹುಯ್ದಿದ್ದರು. ಪ್ರಿನ್ಸಿಪಾಲ್ ನನ್ನನ್ನು ಕರೆಸಿದರು. ಪ್ಲಾಸ್ಟಿಕ್ ಹಾಳೆಯ ಆಚೆ ಕೂತು, ಸಿಟ್ಟಿದ್ದಾಗಲೂ ಇಂಗ್ಲಿಷಿನಲ್ಲಿ ನಯವಾಗಿ ಮಾತಾಡುವ ಹೆಂಗಸು. ಜಪಾನೀ ಶಾಲೆಗಳಲ್ಲಿ ಸಾಂಕಾನ್ ಅಂತ ಒಂದು ಪದ್ಧತಿ ಇದೆ. ಗೊತ್ತುಮಾಡಿದ ದಿನ ತಂದೆತಾಯಿಗಳು ತರಗತಿಯ ಹಿಂದೆ ಸಾಲಾಗಿ ನಿಂತು ಪಾಠ ನೋಡಿ, ತುಟಿಪಿಟಕ್ಕನ್ನದೆ ಮನೆಗೆ ಹೋಗುತ್ತಾರೆ. ನಮ್ಮ ಶಾಲೆ ಆ ಪದ್ಧತಿಯನ್ನು ತೆಗೆದುಕೊಂಡು, ತುಟಿಪಿಟಕ್ಕನ್ನದಿರುವುದನ್ನು ಮಾತ್ರ ಅಲ್ಲೇ ಬಿಟ್ಟಿತ್ತು. ಬುಧವಾರ ಎಂಟನೇ ತರಗತಿಗೆ ಸಾಂಕಾನ್. ನೋಡಿದವರು ಒಂದು ಹಾಳೆಯಲ್ಲಿ ಅಭಿಪ್ರಾಯ ಬರೆದುಕೊಡುತ್ತಾರೆ. ಅವರಿಗೆ ಸಮಾಧಾನವಾಗದಿದ್ದರೆ ಎಂಟನೆಯದನ್ನು ಹತ್ತನೆಯ ತರಗತಿಯ ಗಣಿತದ ಮೇಷ್ಟರಿಗೆ ಕೊಟ್ಟು ನಾನು ಐದಕ್ಕೆ ವಾಪಸು. ಅವರು ಇದನ್ನು ಕಡ್ಡಿ ಮುರಿದ ಹಾಗೆ ಹೇಳಿದರು. ಸರಿ ಅಂದೆ.

ಆ ಬುಧವಾರಕ್ಕೆ ನಾನು ಮಾಡಿಕೊಂಡ ತಯಾರಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಪಾಠಕ್ಕೆ ಒಂದು ತಯಾರಿ ಇತ್ತು: ಚೌಕ ಬಿಟ್ಟು ತ್ರಿಕೋನ, ಹೊಸ ಕೋಷ್ಟಕ, ಮಕ್ಕಳ ಮಾತಿನಲ್ಲಿ ನಿಯಮ, ಆಮೇಲೆ ಡಬ್ಬಿ, ಕೊನೆಯ ಹತ್ತು ನಿಮಿಷದಲ್ಲಿ ಡಬ್ಬಿಯ ಜಾಗಕ್ಕೆ ಅಕ್ಷರ. ಎರಡು ವಾರ ತಡೆದು ಇಟ್ಟುಕೊಂಡಿದ್ದ ಆ ಅಕ್ಷರವನ್ನು ಅವತ್ತು ಮಕ್ಕಳ ಕೈಯಲ್ಲೇ ಬರೆಸಬೇಕೆಂದಿದ್ದೆ. ಇನ್ನೊಂದು ತಯಾರಿ ಆ ಮನುಷ್ಯನಿಗೆ. ಅದು ಪಾಠದ ಟಿಪ್ಪಣಿಯಲ್ಲಿ ಇರಲಿಲ್ಲ.

ಮಳೆಗಾಲ ಹಿಡಿದಿತ್ತು. ಗಾಳಿಯಾಡಲಿ ಅಂತ ಕಿಟಕಿಗಳನ್ನು ತೆರೆದೇ ಇಡಬೇಕೆಂಬ ನಿಯಮ, ಮುಂದಿನ ಸಾಲಿನ ಮೇಜುಗಳ ಮೇಲೆ ಎರಚಲು. ಕೋಣೆಯಲ್ಲಿ ಆರು ಮಕ್ಕಳು, ಪರದೆಯಲ್ಲಿ ಆರು. ಹಿಂದಿನ ಗೋಡೆಗೆ ಆರು ಜನ ತಂದೆತಾಯಿಗಳು, ನೆಲದ ಮೇಲೆ ಅಂಟಿಸಿದ ಟೇಪಿನ ಗುರುತಿನಲ್ಲಿ ನಿಂತಿದ್ದರು. ಒಳಗೆ ಹಾಕಿಕೊಳ್ಳಲು ಶಾಲೆ ಕೊಡುವ ಚಪ್ಪಲಿ ಆ ಇಂಜಿನಿಯರರ ಕಾಲಿಗೆ ಸಾಲದೆ ಹಿಮ್ಮಡಿ ಹೊರಗಿತ್ತು. ಕೈಕಟ್ಟಿ ನಿಂತಿದ್ದರು. ಮಗಳು ಇನ್ನೂ ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ.

ಒಂದು ತ್ರಿಕೋನಕ್ಕೆ ಮೂರು ಕಡ್ಡಿ. ಎರಡಕ್ಕೆ ಐದು. ಮೂರಕ್ಕೆ ಏಳು. ಮಕ್ಕಳು ಈಗ ಅಡ್ಡ ಓಡಲಿಲ್ಲ, ನೇರ ಕೆಳಕ್ಕೆ ನೋಡಿದರು. ಹತ್ತಕ್ಕೆ ಇಪ್ಪತ್ತೊಂದು ಅಂತ ಪರದೆಯಲ್ಲಿದ್ದ ಹುಡುಗನೊಬ್ಬ ಹೇಳಿದ. ಪಾಠ ಚೆನ್ನಾಗಿ ಹೋಗುತ್ತಿತ್ತು. ಹಾಗೇ ಬಿಟ್ಟಿದ್ದರೆ ತಾನಾಗಿಯೇ ದಡ ಸೇರುತ್ತಿತ್ತು.

ನಾನು ಬಿಡಲಿಲ್ಲ. "ಇಪ್ಪತ್ತಕ್ಕೆ ಎಷ್ಟು?" ಅಂತ ಕೇಳಿ, ಹಿಂದಿನ ಗೋಡೆಯ ಕಡೆ ನೋಡಿ, "ಪೇರೆಂಟ್ಸ್ ಕೂಡ ಹೇಳಬಹುದು," ಅಂತ ಸೇರಿಸಿದೆ. ಮಾಸ್ಕಿನೊಳಗೆ ನಗುತ್ತಿದ್ದೆ.

"ನಲವತ್ತೊಂದು," ಅಂದರು ಅವರು, ಯಾವ ಮಗುವೂ ಉಸಿರೆತ್ತುವ ಮೊದಲೇ. "ಟೂ ಎನ್ ಪ್ಲಸ್ ಒನ್."

ಎರಡು ವಾರ ನಾನು ಕಾದಿಟ್ಟ ಅಕ್ಷರ ಹಾಗೆ, ಹಿಂದಿನ ಗೋಡೆಯಿಂದ ಬಂದು ಬಿತ್ತು. ಆದರೂ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: 2n + 1. ಒಂದರ ಸುತ್ತ ಸೊನ್ನೆ ಸುತ್ತಿದೆ.

"ಕರೆಕ್ಟ್ ಸರ್," ಅಂದೆ. ಮಕ್ಕಳ ಮುಂದೆ ಇಂಗ್ಲಿಷ್ ಬಿಟ್ಟು, ಕನ್ನಡಕ್ಕೆ ಇಳಿದೆ. ಅವರಿಗೆ ಚೆನ್ನಾಗಿ ತಾಗಲಿ ಅಂತ. "ಈ ಒಂದು ಯಾವ ಕಡ್ಡಿ?"

"ಏನು?"

"ಮೇಜಿನ ಮೇಲೆ ತ್ರಿಕೋನಗಳಿವೆಯಲ್ಲ. ಈ ಒಂದು ಅದರಲ್ಲಿ ಯಾವ ಕಡ್ಡಿ ಅಂತ ತೋರಿಸಿ."

"ಅದು ಕಾನ್‌ಸ್ಟಂಟ್."

"ಅದು ಹೆಸರು. ಕಡ್ಡಿ ಯಾವುದು?"

ಪಕ್ಕದ ಗುರುತಿನಲ್ಲಿ ನಿಂತಿದ್ದ ಒಬ್ಬ ತಾಯಿ ಕಿಸಕ್ಕೆಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಏನು ನಡೆಯುತ್ತಿದೆ ಅಂತ ಗೊತ್ತಾಗಿತ್ತು. ಇಂಜಿನಿಯರರ ಕಿವಿ ಕೆಂಪಗಾದವು. ಕಟ್ಟಿದ್ದ ಕೈ ಬಿಟ್ಟರು. ಕಡ್ಡಿಗಳ ಕಡೆ ನೋಡಿದರು. ನಿಜಕ್ಕೂ ಹುಡುಕಿದರು, ಪಾಪ. ಸಿಗಲಿಲ್ಲ.

"ಇದು ಮಕ್ಳಿಗೆ ಕೇಳೋ ಪ್ರಶ್ನೆ ಮೇಡಂ," ಅಂದರು ಕೊನೆಗೆ. "ಎರಡು ವಾರ ನೀವು ಹೇಳ್ಕೊಟ್ಟಿದೀರಲ್ಲ. ಅವರನ್ನ ಕೇಳಿ."

ಕನ್ನಡ ಬರದಿದ್ದರೂ ಸೊನ್ನೆ ಸುತ್ತಿದ ಒಂದನ್ನು ನೋಡಿಯೇ ಮಕ್ಕಳಿಗೆ ಪ್ರಶ್ನೆ ಗೊತ್ತಾಗಿತ್ತು, ಪರದೆಯಲ್ಲಿ ಮೂರು ಕೈ ಎದ್ದಿದ್ದವು. ಕೋಣೆಯಲ್ಲಿ ಎರಡು. 4n ಅಂತ ಬರೆದು ಎರಡು ಗೆರೆ ಎಳೆದಿದ್ದ ಹುಡುಗನಂತೂ ಕುರ್ಚಿಯಿಂದ ಅರ್ಧ ಎದ್ದುಬಿಟ್ಟಿದ್ದ. ನಾನು ಅವರಲ್ಲಿ ಯಾರನ್ನೂ ನೋಡಲಿಲ್ಲ. ಕೈಯೆತ್ತದೆ ಕೂತಿದ್ದ ಅವರ ಮಗಳನ್ನು ಕರೆದೆ.

ಎದ್ದು ಮುಂದಿನ ಮೇಜಿಗೆ ಬಂದಳು. ಮೂರು ತ್ರಿಕೋನ, ಏಳು ಕಡ್ಡಿ. ಅವಳ ಬೆರಳು ಎಡಗಡೆಯ ಮೊದಲ ಕಡ್ಡಿಯ ಹತ್ತಿರ ಹೋಯಿತು. ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆಮೇಲೆ ಒಂದು ಸಲ, ಅವತ್ತು ಮೊದಲ ಸಲ, ಹಿಂದೆ ತಿರುಗಿ ಅಪ್ಪನನ್ನು ನೋಡಿದಳು. ಕೈ ಹಿಂದಕ್ಕೆ ತೆಗೆದಳು.

"ಗೊತ್ತಿಲ್ಲ, ಮ್ಯಾಮ್."

"ಗೊತ್ತು ನಿನಗೆ. ನೋಡಿ ಹೇಳು."

"ಗೊತ್ತಿಲ್ಲ. ಅದು ಕಾನ್‌ಸ್ಟಂಟ್."

ಮೂರನೆಯ ಸಲವೂ ಕೇಳಿದೆ. ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅವಳು ತಲೆಯಲ್ಲಾಡಿಸಿ ಸುಮಿಮಾಸೆನ್, ಕ್ಷಮಿಸಿ, ಅಂದು, ಜಪಾನೀ ಶಾಲೆಯಲ್ಲಿ ಕಲಿತ ಹಾಗೆ ಸೊಂಟ ಬಗ್ಗಿಸಿ, ತನ್ನ ಜಾಗಕ್ಕೆ ಹೋಗಿ ಕೂತಳು. ಆಮೇಲೆ ಬೇರೆ ಹುಡುಗ ಬಂದು ತೋರಿಸಿದ. ಯಾರೂ ಅದನ್ನು ಗಮನಿಸಲಿಲ್ಲ. ಗಂಟೆ ಹೊಡೆಯಿತು. ಬೋರ್ಡಿನ ಮೇಲೆ ಇದ್ದ n ಅವರದ್ದೇ, ನನ್ನ ಯಾವ ಮಗುವೂ ಅದನ್ನು ಬರೆಯಲಿಲ್ಲ.

ಎಲ್ಲರೂ ಹೋದ ಮೇಲೆ ಕಡ್ಡಿಗಳನ್ನು ಡಬ್ಬಕ್ಕೆ ತುಂಬುತ್ತಿದ್ದೆ. ಅವಳು ಮೇಜು ಒರೆಸುವ ಸರದಿಯವಳು, ಸ್ಯಾನಿಟೈಸರ್ ಬಾಟಲಿ ಹಿಡಿದು ಬಂದಳು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಈಗ ಅವಳ ಮೇಲೆ ತಿರುಗಿತ್ತು.

"ಗೊತ್ತಿತ್ತಲ್ಲ ನಿಂಗೆ. ಕೆಂಪು ಬಣ್ಣ ಹಾಕಿ ಬರೆದಿದೀಯ. ಯಾಕೆ ಹೇಳ್ಲಿಲ್ಲ?"

ಅವಳು ಒಂದು ಮೇಜು ಪೂರ್ತಿ ಒರೆಸಿದಳು. ಆಮೇಲೆ, ಕನ್ನಡದಲ್ಲಿ, ಒಂದೊಂದೇ ಪದ ಹುಡುಕಿಕೊಂಡು ಹೇಳಿದಳು.

"ನೀವು ನನ್ನನ್ನ ಕೇಳ್ಲಿಲ್ಲ ಮ್ಯಾಮ್. ಅಪ್ಪನ್ನ ಕೇಳಿದ್ದು."

ಕಡ್ಡಿಗಳ ಡಬ್ಬದ ಮುಚ್ಚಳ ಹಾಕಿದೆ. ಅವಳೇ ಮುಂದುವರಿದಳು.

"ನೋಟ್‌ಬುಕ್ ಯಾರಿಗೂ ತೋರಿಸ್ಬೇಡಿ. ಅಪ್ಪಂಗೆ ಗೊತ್ತಾಗುತ್ತೆ, ನಂಗೆ ಗೊತ್ತಿತ್ತು ಅಂತ. ಒನೆಗಾಯ್."

ದಯವಿಟ್ಟು ಅನ್ನುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಇವಳ ಬಾಯಲ್ಲಿ ಅದು ದಯವಿಟ್ಟು ಅನ್ನುವ ಹಾಗೆಯೇ ಇತ್ತು.

ಅದೇ ಮಧ್ಯಾಹ್ನ ಮೂರೂವರೆಗೆ ಪ್ರಿನ್ಸಿಪಾಲ್ ಕೋಣೆ. ಆರು ಹಾಳೆ ಅವರ ಮುಂದಿದ್ದವು. ಒಂದರಲ್ಲಿದ್ದದ್ದನ್ನು ಓದಿ ಹೇಳಿದರು: ಎರಡು ವಾರದ ಕಡ್ಡಿ ಆಟದ ನಂತರವೂ ಮಗುವಿಗೆ ಮೂಲ ಪ್ರಶ್ನೆಗೆ ಉತ್ತರ ಗೊತ್ತಿಲ್ಲ. ಯಾರ ಕೈಬರಹ ಅಂತ ನೋಡಬೇಕಾಗಿರಲಿಲ್ಲ. ಅದರಲ್ಲಿ ಸುಳ್ಳು ಅಂತ ಏನೂ ಇರಲಿಲ್ಲ, ಅವರು ಕಂಡದ್ದನ್ನೇ ಬರೆದಿದ್ದರು.

"ಇದು ತಪ್ಪು ಅಂತ ತೋರಿಸುವಂಥದ್ದು ಏನಾದರೂ ನಿಮ್ಮ ಹತ್ತಿರ ಇದೆಯಾ? ಮಕ್ಕಳು ಬರೆದಿರೋದು, ಯಾವುದಾದರೂ?" ಅಂತ ಕೇಳಿದರು. ಅವರಿಗೂ ನನ್ನನ್ನು ತೆಗೆಯುವ ಮನಸ್ಸಿರಲಿಲ್ಲ ಅನ್ನಿಸುತ್ತದೆ. ಒಂದು ನೆಪ ಕೊಡಲಿ ಅಂತ ಕಾಯುತ್ತಿದ್ದರು.

ಉಳಿದ ಮಕ್ಕಳ ನೋಟ್‌ಬುಕ್ಕುಗಳೂ ಇದ್ದವು, ಅವುಗಳಲ್ಲಿ ಕೋಷ್ಟಕವಿತ್ತು, ನಿಯಮವಿತ್ತು. ಆದರೆ ಆ ಹಾಳೆಯಲ್ಲಿ ಬರೆದಿದ್ದದ್ದು ಒಂದು ಮಗುವಿನ ಬಗ್ಗೆ. ಆ ಮಾತಿಗೆ ಉತ್ತರ ಆ ಒಂದು ನೋಟ್‌ಬುಕ್ ಮಾತ್ರ. ನೀಲಿ ಮೂರು ಮೂರು, ಕೆಂಪು ಒಂದು, ಪಕ್ಕದಲ್ಲಿ ಸೈಶೋ. ತೆಗೆದು ಮೇಜಿನ ಮೇಲೆ ಇಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಂಟನೇ ತರಗತಿ ನನ್ನದಾಗಿ ಉಳಿಯುತ್ತಿತ್ತು. ಆ ಮನುಷ್ಯನ ಮುಖ ನೋಡುವ ಭಾಗ್ಯವೂ ಸಿಗುತ್ತಿತ್ತು. ಬ್ಯಾಗಿನ ಜಿಪ್ ಅರ್ಧ ಎಳೆದೆ. ಅದನ್ನು ಬರೆಯುವುದಕ್ಕೆ ನನಗೆ ಸಂಕೋಚವಿಲ್ಲ. ನನ್ನೊಳಗೆ ದೊಡ್ಡತನ ಏನೂ ಇರಲಿಲ್ಲ, ಹಸಿವಿತ್ತು, ಹಟವಿತ್ತು. ಅವಳು ಮೇಜು ಒರೆಸುತ್ತ ಹೇಳಿದ ಮಾತು ಮಾತ್ರ ಕಿವಿಯಲ್ಲಿ ಕೂತಿತ್ತು.

"ಇಲ್ಲ," ಅಂದೆ. ಜಿಪ್ ಹಾಕಿದೆ.

ಮುಂದಿನ ಸೋಮವಾರದಿಂದ ಹತ್ತನೆಯ ತರಗತಿಯ ಮೇಷ್ಟರು ಎಂಟಕ್ಕೆ ಹೋದರು. ನಾನು ಐದಕ್ಕೆ. ಎರಡು ಕೋಣೆಗಳ ನಡುವೆ ಇರುವುದು ತೆಳ್ಳನೆಯ ಹಲಗೆಯ ಗೋಡೆ. ಅವರ ಧ್ವನಿ ದೊಡ್ಡದು. n ಒಂದು ಚರಾಕ್ಷರ, ಬರೆದುಕೊಳ್ಳಿ, ಅನ್ನುವುದು ನನಗೆ ಚೆನ್ನಾಗಿ ಕೇಳುತ್ತಿತ್ತು. ಅವರು ಕೆಟ್ಟ ಮೇಷ್ಟರೇನಲ್ಲ. ಆದರೂ ಅವರನ್ನು ಕಂಡರೆ ಆ ವರ್ಷ ಪೂರ್ತಿ ನನಗೆ ಆಗುತ್ತಿರಲಿಲ್ಲ. ಆ ಇಂಜಿನಿಯರರನ್ನು ಕಂಡರೆ ಇವತ್ತಿಗೂ ಆಗುವುದಿಲ್ಲ. ಒಮ್ಮೆ ಸ್ಟೇಷನ್ನಿನ ಹತ್ತಿರ ಎದುರಾಗಿ ನಮಸ್ಕಾರ ಮೇಡಂ ಅಂದರು, ನಾನು ಕನ್ನಡಕ ಒರೆಸಿಕೊಳ್ಳುತ್ತ ಮುಂದೆ ಹೋದೆ.

ನೋಟ್‌ಬುಕ್ಕುಗಳನ್ನು ಹೊಸ ಮೇಷ್ಟರಿಗೆ ಒಪ್ಪಿಸುವ ಮೊದಲು ಹನ್ನೊಂದನ್ನು ತಿದ್ದಿದೆ. ಹನ್ನೆರಡನೆಯದನ್ನು ಕಟ್ಟಿಗೆ ಸೇರಿಸಲಿಲ್ಲ, ಅವಳ ಕೈಗೇ ಕೊಡಬೇಕಿತ್ತು. ಕೆಂಪು ಪೆನ್ನು ಹಿಡಿದು ಆ ಎರಡು ಪುಟದ ಮುಂದೆ ಬಹಳ ಹೊತ್ತು ಕೂತಿದ್ದೆ. ಎಡಗಡೆ ಸರಿ ಗುರುತು ಹಾಕಿದೆ. ಬಲಗಡೆಯೂ ಹಾಕಿದೆ. ಕೆಳಗೆ ಜಾಗವಿತ್ತು. ಅಲ್ಲಿ ಬುಧವಾರದ ಪಾಠ ಅಂತ ಬರೆದು, ಅದರ ಪಕ್ಕ ಒಂದು ತಪ್ಪು ಗುರುತು ಹಾಕಿ, ನನ್ನ ಸಹಿ ಮಾಡಿದೆ.

ಅವಳ ಗುಂಪು ಮತ್ತೆ ಶಾಲೆಗೆ ಬಂದ ದಿನ ಕಾರಿಡಾರಿನಲ್ಲಿ ಕೊಟ್ಟೆ. ಅಲ್ಲೇ ತೆರೆದು ನೋಡಿದಳು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಏನಂದುಕೊಂಡಳೋ ತಿಳಿಯಲಿಲ್ಲ. ಪೆನ್ಸಿಲ್ ಪೆಟ್ಟಿಗೆಯಿಂದ ರಬ್ಬರ್ ತೆಗೆದು ನನ್ನ ತಪ್ಪು ಗುರುತನ್ನು ಉಜ್ಜಿದಳು. ಪೆನ್ನಿನದು, ಹೋಗಲಿಲ್ಲ. ಇನ್ನೊಂದು ಸಲ ಉಜ್ಜಿದಳು. ಆಮೇಲೆ ನೋಟ್‌ಬುಕ್ ಮುಚ್ಚಿಕೊಂಡು, ಮೇಷ್ಟರ ಧ್ವನಿ ಕೇಳುತ್ತಿದ್ದ ಕೋಣೆಗೆ ಹೋದಳು.